ಕಾಲ್ ದುಬಾರಿಯೇ? ಫ್ಯೂಚರ್ಸ್ ಬೆಲೆಯನ್ನು ಕೇಳಿ

ನಿಫ್ಟಿ ಆಪ್ಷನ್‌ಗಳ ಪಟ್ಟಿ ತೆರೆದಾಗ ನಾನು ಮೊದಲು ಮಾಡುವುದು ಒಂದು ಸಣ್ಣ ಲೆಕ್ಕ. ಕಾಲ್ ಎಂದರೆ ಸ್ಟ್ರೈಕ್ ಎಂಬ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು, ಪುಟ್ ಎಂದರೆ ಆ ಬೆಲೆಗೆ ಮಾರುವ ಹಕ್ಕು. ಸ್ಟ್ರೈಕ್ ಬೆಲೆಗೆ ಕಾಲ್ ಬೆಲೆಯನ್ನು ಕೂಡಿಸಿ, ಅದೇ ಸ್ಟ್ರೈಕಿನ ಪುಟ್ ಬೆಲೆಯನ್ನು ಕಳೆಯುತ್ತೇನೆ. ಕಾಲ್ ಕೊಂಡು ಪುಟ್ ಮಾರಿದವನಿಗೆ ಅವಧಿ ಮುಗಿಯುವ ದಿನ ಸೂಚ್ಯಂಕ ಏರಿದಷ್ಟು ಲಾಭ, ಇಳಿದಷ್ಟು ನಷ್ಟ. ಅಂದರೆ ಅವನ ಕೈಯಲ್ಲಿರುವುದು ಫ್ಯೂಚರ್ಸೇ, ಮುಂದಿನ ದಿನಕ್ಕೆ ಈಗಲೇ ಬೆಲೆ ಕಟ್ಟಿದ ಒಪ್ಪಂದ. ಇದನ್ನೇ ಸಿಂಥೆಟಿಕ್ ಫ್ಯೂಚರ್ಸ್ ಎನ್ನುತ್ತಾರೆ.

ಒಂದು ಉದಾಹರಣೆ ಕಟ್ಟೋಣ. ನಿಫ್ಟಿ 24,000ದಲ್ಲಿದೆ, ಅವಧಿ ಮುಗಿಯಲು 30 ದಿನಗಳಿವೆ. 24,000 ಸ್ಟ್ರೈಕಿನ ಕಾಲ್ 330, ಪುಟ್ 210. ಸೂಚ್ಯಂಕ ಸ್ಟ್ರೈಕಿನ ಮೇಲೆಯೇ ನಿಂತಿರುವಾಗ ಕಾಲ್ 120 ರೂಪಾಯಿ ಹೆಚ್ಚೇಕೆ? ಮಾರುಕಟ್ಟೆ ಏರುತ್ತದೆಂಬ ನಂಬಿಕೆಯಿಂದ ಎಂದು ಹಲವರು ಹೇಳುತ್ತಾರೆ. ನಾನು ಫ್ಯೂಚರ್ಸ್ ನೋಡುತ್ತೇನೆ: 24,125. ಸಿಂಥೆಟಿಕ್ ಬೆಲೆ 24,120. ವರ್ಷಕ್ಕೆ 6.5 ಶೇಕಡಾ ಬಡ್ಡಿ ಹಿಡಿದರೆ 24,000ಕ್ಕೆ 30 ದಿನಗಳಿಗೆ ಸುಮಾರು 128 ಆಗುತ್ತದೆ. ಆ 120ರಲ್ಲಿರುವುದು ನಂಬಿಕೆಯಲ್ಲ, ಪೂರ್ತಿ ಹಣ ಈಗಲೇ ಕೊಡದೆ ಉಳಿಸಿಕೊಂಡದ್ದರ ಬಡ್ಡಿ.

ಕಣ್ಣು ಮೋಸಹೋಗುವುದು ದೂರದ ಸ್ಟ್ರೈಕ್‌ಗಳಲ್ಲಿ. ಅದೇ ದಿನ 23,000ದ ಕಾಲ್ 1,250, ಪುಟ್ 38 ಎಂದು ಪಟ್ಟಿ ತೋರಿಸುತ್ತಿದೆ ಎನ್ನಿ. ಸಿಂಥೆಟಿಕ್ 24,212! ಫ್ಯೂಚರ್ಸ್ ಕೊಂಡು, ಕಾಲ್ ಮಾರಿ, ಪುಟ್ ಕೊಂಡರೆ 87 ಅಂಶಗಳು ಬಿಟ್ಟಿಯಾಗಿ ಸಿಕ್ಕಂತೆ. ಆದರೆ 1,250 ಎಂಬುದು ಕೊನೆಯ ವಹಿವಾಟಿನ ಬೆಲೆ. ಅದು ನಡೆದದ್ದು ಬೆಳಗ್ಗೆ, ಸೂಚ್ಯಂಕ ಇನ್ನೂ ಮೇಲಿದ್ದಾಗ. ಈಗ ಕೊಳ್ಳುವವರು ಕೊಡುವುದು 1,150, ಮಾರುವವರು ಕೇಳುವುದು 1,180. ನಾನು ಮಾರಬೇಕಾದದ್ದು 1,150ಕ್ಕೆ. ಪುಟ್‌ಗೆ 38 ಕೊಟ್ಟರೆ ನನ್ನ ಸಿಂಥೆಟಿಕ್ ಮಾರಾಟದ ಬೆಲೆ 24,112. ಹೀಗೆ ಈಗಲೇ ಕೈಗೆ ಬರುವ 1,112 ರೂಪಾಯಿಯ ಮೇಲಿನ ಬಡ್ಡಿ ಸೇರಿಸಿದರೂ 24,118. ಫ್ಯೂಚರ್ಸ್ ಕೊಳ್ಳಲು 24,126 ಕೊಡಬೇಕು. ಲಾಭದ ಜಾಗದಲ್ಲಿ 8 ಅಂಶಗಳ ನಷ್ಟ. ದಲ್ಲಾಳಿ ಶುಲ್ಕ ಮತ್ತು ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಬೇರೆ. ಹಾಗಾಗಿ ಕೊನೆಯ ವಹಿವಾಟಿನ ಬೆಲೆಯ ಅಂಕಣವನ್ನು ನಾನು ಈ ಲೆಕ್ಕಕ್ಕೆ ಮುಟ್ಟುವುದೇ ಇಲ್ಲ.

ಷೇರುಗಳಲ್ಲಿ ಇನ್ನೊಂದು ತಿರುವು ಇದೆ, ಲಾಭಾಂಶ. ಅದು ಸಿಗುವುದು ಷೇರು ಹಿಡಿದವನಿಗೆ, ಫ್ಯೂಚರ್ಸ್ ಹಿಡಿದವನಿಗಲ್ಲ. 1,000 ರೂಪಾಯಿಯ ಷೇರು ಅವಧಿಯೊಳಗೆ 12 ರೂಪಾಯಿ ಲಾಭಾಂಶ ಕೊಡಲಿದ್ದರೆ, ತಿಂಗಳ ಬಡ್ಡಿ 5 ರೂಪಾಯಿಯಷ್ಟೇ ಆದ್ದರಿಂದ 1,000 ಸ್ಟ್ರೈಕಿನ ಪುಟ್ ಕಾಲ್‌ಗಿಂತ ಸುಮಾರು 7 ರೂಪಾಯಿ ದುಬಾರಿ ಇರಲೇಬೇಕು. ಭಯದಿಂದ ಪುಟ್ ಏರಿದೆ ಎಂದು ಅದನ್ನು ಮಾರಲು ಹೊರಡುವವರು ಮೊದಲು ಕಂಪನಿಯ ಲಾಭಾಂಶದ ದಿನಾಂಕ ನೋಡಬೇಕು. ನಮ್ಮ ಷೇರು ಆಪ್ಷನ್‌ಗಳು ಯುರೋಪಿಯನ್ ಮಾದರಿಯವಾದ್ದರಿಂದ ನಡುವೆ ಯಾರೂ ಹಕ್ಕು ಚಲಾಯಿಸುವಂತಿಲ್ಲ. ಇಲ್ಲದಿದ್ದರೆ ಈ ಸಮೀಕರಣ ಇಷ್ಟು ಬಿಗಿಯಾಗಿ ನಿಲ್ಲುತ್ತಿರಲಿಲ್ಲ.