ತಣ್ಣನೆಯ ಕಾಲು, ಉರಿಯುವ ಪಾದ: ನರದ ಟೆಸ್ಟಿನ ಗ್ರಾಫ್ ಏನು ಹೇಳುತ್ತದೆ?

ಶಿವಮೊಗ್ಗದಲ್ಲಿ ನರದ ಟೆಸ್ಟ್, ಅಂದರೆ ಎನ್‌ಸಿಎಸ್ ಮಾಡುವುದು ನನ್ನ ಕೆಲಸ. ಇದರಲ್ಲಿ ನರಕ್ಕೆ ಸಣ್ಣ ಶಾಕ್ ಕೊಟ್ಟು, ಸಿಗ್ನಲ್ ಎಷ್ಟು ವೇಗವಾಗಿ, ಎಷ್ಟು ಎತ್ತರದ ಅಲೆಯಾಗಿ ಬರುತ್ತದೆ ಅಂತ ಅಳೆಯುತ್ತೇವೆ. ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರ ಕಾಲು ಮುಟ್ಟಿದರೆ ಕೊರೆಯುತ್ತಿರುತ್ತದೆ. ಹಾಗಾಗಿ ಶಾಕ್ ಕೊಡುವ ಮೊದಲು ಚರ್ಮದ ಬಿಸಿ ನೋಡುತ್ತೇನೆ. ಯಾಕೆ ಅಂತ ಒಂದು ಕೇಸ್ ಇಟ್ಟುಕೊಂಡು ಹೇಳುತ್ತೇನೆ.

ಅಡಿಕೆ ತೋಟದ ಕೆಲಸ ಮಾಡುವ, ಶುಗರ್ ಇರುವ ಒಬ್ಬರು ಅಮ್ಮ ಬಂದಿದ್ದರು. ರಾತ್ರಿ ಪಾದ ಉರಿ, ನಿದ್ದೆ ಇಲ್ಲ. ಇಂಥವರಿಗೆ ನಾನು ಮೊದಲು ನೋಡುವುದು ಸೂರಲ್ ನರ. ಅದು ಮೀನಖಂಡದ ಹಿಂಭಾಗದಿಂದ ಹೊರಗಿನ ಹರಡಿನ ಹಿಂದೆ ಇಳಿದು ಪಾದದ ಅಂಚಿಗೆ ಹೋಗುತ್ತದೆ. ಹರಡಿನ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಟೇಪಿನಲ್ಲಿ 14 ಸೆಂ.ಮೀ. ಮೇಲಕ್ಕೆ ಅಳೆದು ಅಲ್ಲಿ ಶಾಕ್ ಕೊಡುತ್ತೇವೆ.

ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಒಂದೊಂದು ನರತಂತು ಹೊತ್ತಿಕೊಂಡರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಆದರೆ ಸ್ಕ್ರೀನಿನಲ್ಲಿ ಕಾಣುವ ಅಲೆ ಸಾವಿರಾರು ತಂತುಗಳ ಮೊತ್ತ. ಅದಕ್ಕೇ ಕರೆಂಟ್ ಏರಿಸಿದಂತೆ ಅದು ಬೆಳೆಯುತ್ತಾ ಹೋಗುತ್ತದೆ. ಮೊದಲು ಏಳುವುದು ದಪ್ಪ ತಂತುಗಳು. ಇನ್ನೆಷ್ಟು ಏರಿಸಿದರೂ ಅಲೆ ಬೆಳೆಯುವುದಿಲ್ಲ ಅನ್ನುವಲ್ಲಿಗೆ ನಿಂತು, ಇನ್ನೂ ಸ್ವಲ್ಪ ಸೇರಿಸಿ ದಾಖಲಿಸುತ್ತೇನೆ. ಅದಕ್ಕಿಂತ ಮುಂಚೆ ನಿಲ್ಲಿಸಿದರೆ ಇರುವ ತಂತುಗಳೂ ಸತ್ತಂತೆ ಕಾಣುತ್ತವೆ.

ಆ ಅಮ್ಮನ ಚರ್ಮ 27 ಡಿಗ್ರಿ ಇತ್ತು. ಅಲೆ ಶುರುವಾಗಿದ್ದು ಶಾಕಿನ ನಂತರ 4 ಮಿಲಿಸೆಕೆಂಡಿಗೆ. 140 ಮಿ.ಮೀ. ಅನ್ನು 4ರಿಂದ ಭಾಗಿಸಿದರೆ ಸೆಕೆಂಡಿಗೆ 35 ಮೀಟರ್. ನಮ್ಮಲ್ಲಿ 40ಕ್ಕಿಂತ ಕಮ್ಮಿ ಇದ್ದರೆ ನಿಧಾನ ಅನ್ನುತ್ತೇವೆ. ಸುಮ್ನೆ ಈ ಅಂಕಿಯನ್ನು ಬರೆದು ಕಳಿಸಿದರೆ ಶುಗರಿನಿಂದ ನರ ಹಾಳಾಗಿದೆ ಅಂತಲೇ ಆಗುತ್ತಿತ್ತು.

ಆದರೆ ಅಲೆಯ ಆಕಾರ ಬೇರೆಯದನ್ನು ಹೇಳುತ್ತಿತ್ತು. ಅದು ನಿಧಾನವಾಗಿತ್ತು, ಆದರೆ ಎತ್ತರವಾಗಿ, ಅಗಲವಾಗಿತ್ತು: 18 ಮೈಕ್ರೋವೋಲ್ಟ್. ತಂಪಿನಲ್ಲಿ ನರದಲ್ಲಿ ಸಿಗ್ನಲ್ ಹುಟ್ಟಿಸುವ ಸೋಡಿಯಂ ಬಾಗಿಲುಗಳು ತಡವಾಗಿ ತೆರೆದು, ಇನ್ನೂ ತಡವಾಗಿ ಮುಚ್ಚುತ್ತವೆ. ಒಂದೊಂದು ತಂತುವಿನ ಅಲೆಯೂ ಉದ್ದವಾಗಿ ಎಳೆದುಕೊಳ್ಳುವುದರಿಂದ ಒಟ್ಟು ಅಲೆ ದೊಡ್ಡದಾಗುತ್ತದೆ. ತಂತುವನ್ನು ಸುತ್ತಿ ಸಿಗ್ನಲನ್ನು ವೇಗವಾಗಿ ಓಡಿಸುವ ಮಯಲಿನ್ ಹೊದಿಕೆ ಹಾಳಾದರೆ ಹೀಗಾಗುವುದಿಲ್ಲ. ಆಗ ಒಂದೊಂದು ತಂತು ಒಂದೊಂದು ಹೊತ್ತಿಗೆ ಬಂದು ಅಲೆ ಚದುರಿ ಕುಗ್ಗುತ್ತದೆ. ತಂತುಗಳೇ ಸತ್ತಿದ್ದರೂ ಎತ್ತರ ಇಳಿಯುತ್ತದೆ. ನಿಧಾನವಾಗಿದ್ದೂ ಎತ್ತರವಾಗಿದ್ದರೆ ಮೊದಲು ಕಾಲು ಬೆಚ್ಚಗೆ ಮಾಡಿ.

ಒಂದು ಡಿಗ್ರಿಗೆ ಸುಮಾರು 2 ಮೀಟರ್ ಸೇರಿಸಿ ಲೆಕ್ಕದಲ್ಲೇ ಸರಿಪಡಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಆ ಲೆಕ್ಕ ಆರೋಗ್ಯದ ನರದ್ದು, ರೋಗದ ನರ ಹಾಗೇ ನಡೆಯಬೇಕೆಂದೇನೂ ಇಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಇಡಿಸಿದೆ. ಶುಗರಿನವರಿಗೆ ಬಿಸಿ ತಿಳಿಯದೆ ಸುಡಬಹುದು, ಆದ್ದರಿಂದ ನೀರನ್ನು ಮೊದಲು ನನ್ನ ಕೈಯಲ್ಲೇ ನೋಡಿದೆ. ಚರ್ಮ ಬೆಚ್ಚಗಾದರೂ ಒಳಗಿನ ನರಕ್ಕೆ ಇನ್ನೂ ಹೊತ್ತು ಬೇಕು, ಅವಸರ ಮಾಡಬಾರದು. 32 ಡಿಗ್ರಿಗೆ ಬಂದ ಮೇಲೆ ಮತ್ತೆ ನೋಡಿದರೆ 3.1 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 45 ಮೀಟರ್. ಎತ್ತರ 14ಕ್ಕೆ ಇಳಿದಿತ್ತು. ಎರಡೂ ನಾರ್ಮಲ್.

"ಹಂಗಾರೆ ಈ ಉರಿ ಸುಳ್ಳಾ ಸಾರ್?" ಅಂದರು ಅಮ್ಮ.

"ಸುಳ್ಳಲ್ಲಮ್ಮ, ಉರಿ ಹೊರುವ ನರ ಈ ಮಿಷನ್ನಿಗೆ ಕಾಣೋದಿಲ್ಲ" ಅಂದೆ.

ಅದು ಸಮಾಧಾನದ ಮಾತಲ್ಲ. ನಾವು ಅಳೆಯುವುದು ಅಲೆ ಶುರುವಾಗುವ ಕ್ಷಣವನ್ನು, ಅಂದರೆ ಎಲ್ಲಕ್ಕಿಂತ ವೇಗದ ತಂತುಗಳನ್ನು. ಮುಟ್ಟಿದ್ದು, ಅದುರಿದ್ದು ತಿಳಿಸುವ ದಪ್ಪ ಎ-ಬೀಟಾ ತಂತುಗಳವು. ಚುಚ್ಚಿದ ನೋವು, ತಂಪು ತಿಳಿಸುವ ಎ-ಡೆಲ್ಟಾ ತೆಳ್ಳಗಿನವು, ವೇಗ ಸುಮಾರು 12ರಿಂದ 30 ಮೀಟರ್. ಉರಿ, ಬಿಸಿ ಹೊರುವ ಸಿ ತಂತುಗಳಿಗೆ ಮಯಲಿನ್ನೇ ಇಲ್ಲ, ವೇಗ 0.5ರಿಂದ 2 ಮೀಟರ್ ಅಷ್ಟೇ. ಸೆಕೆಂಡಿಗೆ 1 ಮೀಟರ್ ಅಂದುಕೊಂಡರೂ 14 ಸೆಂ.ಮೀ. ದಾಟಲು 140 ಮಿಲಿಸೆಕೆಂಡ್ ಬೇಕು. ನನ್ನ ಸ್ಕ್ರೀನ್ 20ಕ್ಕೇ ಮುಗಿಯುತ್ತದೆ.

ಸ್ಕ್ರೀನ್ ಉದ್ದ ಮಾಡಿದರಾಯ್ತಲ್ವಾ? ಆಗುವುದಿಲ್ಲ. ಶಿವಮೊಗ್ಗದಿಂದ ಒಟ್ಟಿಗೆ ಹೊರಟ ಬಸ್ಸುಗಳು ಗಾಜನೂರಿನಲ್ಲಿ ಒಂದರ ಹಿಂದೆ ಒಂದು ಇರುತ್ತವೆ, ತೀರ್ಥಹಳ್ಳಿ ಮುಟ್ಟುವಾಗ ಚದುರಿರುತ್ತವೆ. ನಿಧಾನದ ತಂತುಗಳೂ ಹಾಗೇ ಚದುರಿ ಬರುತ್ತವೆ. ಒಂದೊಂದರ ಸಿಗ್ನಲ್ ಮೊದಲೇ ಚಿಕ್ಕದು, ಚದುರಿದ ಮೇಲೆ ಚರ್ಮದ ಮೇಲಿನ ಎಲೆಕ್ಟ್ರೋಡಿಗೆ ಸಿಗುವುದೇ ಇಲ್ಲ. ಸಾಲದ್ದಕ್ಕೆ ಅವನ್ನು ಎಬ್ಬಿಸಲು ತುಂಬಾ ಜಾಸ್ತಿ ಕರೆಂಟ್ ಬೇಕು, ಯಾರಿಗೂ ತಡೆಯಲಾಗದಷ್ಟು. ಅಮೆರಿಕದ ವಿಜ್ಞಾನಿಗಳಾದ ಎರ್ಲಾಂಗರ್ ಮತ್ತು ಗ್ಯಾಸರ್ ಈ ಗುಂಪುಗಳನ್ನು ಬೇರೆ ಬೇರೆ ಅಲೆಗಳಾಗಿ ಕಂಡಿದ್ದು ಪ್ರಾಣಿಗಳಿಂದ ಹೊರತೆಗೆದ ನರದಲ್ಲಿ, ಎಲೆಕ್ಟ್ರೋಡನ್ನು ನೇರ ನರಕ್ಕೇ ಇಟ್ಟು. ಅವರಿಗೆ 1944ರ ನೊಬೆಲ್ ಬಂತು.

ರಿಪೋರ್ಟಿನಲ್ಲಿ ಎರಡೂ ತಾಪಮಾನದ ಅಂಕಿ ಹಾಕಿ, "ದಪ್ಪ ತಂತುಗಳು ಸರಿಯಾಗಿವೆ, ಸಣ್ಣ ತಂತುಗಳ ತೊಂದರೆಯನ್ನು ಈ ಟೆಸ್ಟ್ ತಳ್ಳಿಹಾಕುವುದಿಲ್ಲ" ಅಂತ ಬರೆದೆ. ಡಾಕ್ಟರ್ ಪಿನ್ನಿನಲ್ಲಿ ನೋಡಿದಾಗ ಪಾದದಲ್ಲಿ ಚುಚ್ಚಿದ್ದು ಮೊಂಡಾಗಿ ತಿಳಿಯುತ್ತಿತ್ತು. ಟ್ಯೂನಿಂಗ್ ಫೋರ್ಕಿನ ಅದುರು ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಸಣ್ಣ ತಂತುಗಳ ತೊಂದರೆ ಅಂತಲೇ ಹಿಡಿದು ಉರಿಗೆ ಮಾತ್ರೆ ಶುರು ಮಾಡಿದರು. ಪೂರ್ತಿ ಖಚಿತ ಆಗಬೇಕಾದರೆ ಹರಡಿನಿಂದ 10 ಸೆಂ.ಮೀ. ಮೇಲೆ ಚರ್ಮದ ಚಿಕ್ಕ ಚೂರು ತೆಗೆದು ನರದ ತುದಿಗಳನ್ನು ಎಣಿಸಬೇಕು.