ಬಿಲ್ಲಿನ ಹನ್ನೆರಡು ಗಂಟೆ, ಗೇಟಿನ ಎಂಟೂ ಚಿಲ್ಲರೆ

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೈತಖೋಲ ಬಂದರಿಗೆ ದೋಣಿಗಳು ಬರತೊಡಗಿದರೆ ಕಾರವಾರದ ನಮ್ಮ ಮೀನು ಸಂಸ್ಕರಣಾ ಘಟಕದಲ್ಲಿ ರಾತ್ರಿ ಪಾಳಿ ಶುರುವಾಗುತ್ತದೆ. ಆಳುಗಳನ್ನು ಕಳಿಸುವ ಗುತ್ತಿಗೆದಾರನ ಬಿಲ್ಲನ್ನು ಗೇಟ್ ರಿಜಿಸ್ಟರಿನೊಂದಿಗೆ ತಾಳೆ ನೋಡದೆ ನಾನು ಮುಂದಕ್ಕೆ ಕಳಿಸುವುದಿಲ್ಲ.

ತಾಳೆ ನೋಡುವುದು ಪಾಸ್ ಸಂಖ್ಯೆಯಿಂದ, ಹೆಸರಿನಿಂದಲ್ಲ. ಒಂದೇ ಹೆಸರನ್ನು ಮೂವರು ವಾಚ್‌ಮನ್‌ಗಳು ಮೂರು ಬಗೆಯಲ್ಲಿ ಬರೆದಿರುತ್ತಾರೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಒಳಬಂದ ವೇಳೆ B ಕಾಲಂನಲ್ಲಿ, ಹೊರಹೋದದ್ದು C ಕಾಲಂನಲ್ಲಿ. ರಾತ್ರಿ ಬಂದವನು ಮರುದಿನ ಹೋಗುವುದರಿಂದ ನೇರವಾಗಿ ಕಳೆದರೆ ಉತ್ತರ ಋಣಾತ್ಮಕವಾಗುತ್ತದೆ. ಅದಕ್ಕೆ ಈ ಸೂತ್ರ:

```
=IF(OR(B2="",C2=""),"?",MOD(C2-B2,1)*24)
```

ಪ್ರಶ್ನಾರ್ಥಕ ಚಿಹ್ನೆ ಸುಮ್ಮನೆ ಹಾಕಿದ್ದಲ್ಲ. ಖಾಲಿ ಮನೆಯನ್ನು ಕಂಪ್ಯೂಟರ್ ನಡುರಾತ್ರಿ ಹನ್ನೆರಡೆಂದು ಓದುತ್ತದೆ. ಸಂಜೆ 7.50ಕ್ಕೆ ಬಂದು, ಹೋದದ್ದು ದಾಖಲಾಗದ ಆಳು 4 ಗಂಟೆ 10 ನಿಮಿಷ ಮಾತ್ರ ಇದ್ದನೆಂದು ತೋರಿಸಿಬಿಡುತ್ತದೆ.

ಒಂದು ರಾತ್ರಿಯ ಲೆಕ್ಕ ನೋಡಿ. ಬಿಲ್ಲಿನಲ್ಲಿ ಹನ್ನೊಂದು ಆಳುಗಳಿಗೆ ತಲಾ 12 ಗಂಟೆ: 8 ಗಂಟೆ ಪಾಳಿ, 4 ಗಂಟೆ ಓವರ್‌ಟೈಮ್. ಗೇಟಿನಲ್ಲಿ ಏಳು ಜನ 7.50ಕ್ಕೆ ಒಳಗೆ, ಬೆಳಗಿನ 5.10ಕ್ಕೆ ಹೊರಗೆ. ಪಾಳಿ ಎಂಟಕ್ಕೆ ಆರಂಭ. ಊಟದ ಅರ್ಧ ಗಂಟೆ ಕಳೆದರೆ ಉಳಿಯುವುದು 8 ಗಂಟೆ 40 ನಿಮಿಷ. ಅಂದರೆ ಓವರ್‌ಟೈಮ್ ಹೆಚ್ಚೆಂದರೆ 40 ನಿಮಿಷ. ಗೇಟ್ ತೋರಿಸುವುದು ಆಳು ಒಳಗಿದ್ದ ಹೊತ್ತನ್ನು ಮಾತ್ರ. ದುಡಿದ ಹೊತ್ತು ಅದಕ್ಕಿಂತ ಕಡಿಮೆಯೂ ಇರಬಹುದು.

ಉಳಿದ ನಾಲ್ವರು ಹೊರಹೋದ ದಾಖಲೆಯೇ ಇಲ್ಲ. ಇಲ್ಲಿ ದುಡುಕಬಾರದು. ವಾಹನಗಳ ರಿಜಿಸ್ಟರ್ ತೆರೆದರೆ 5.05ಕ್ಕೆ ಹೊರಟ ಲಾರಿಯ ಮುಂದೆ ‘ಚಾಲಕ + 4’ ಎಂದಿತ್ತು. ಮೀನು ತುಂಬಿಸಲು ಧಕ್ಕೆಗೆ ಹೋದವರು ಅಲ್ಲಿಂದಲೇ ಮನೆಗೆ ಹೋಗಿದ್ದರು. ಧಕ್ಕೆಯ ಮೇಲ್ವಿಚಾರಕರ ಚೀಟಿಯಲ್ಲಿ 8.30ಕ್ಕೆ ಕೆಲಸ ಮುಗಿದಿದೆ. ಅವರ ಹನ್ನೆರಡು ಗಂಟೆ ಸರಿಯೇ.

ಏಳು ಜನರ ಮೇಲೆ ಹೆಚ್ಚಾಗಿ ಹಾಕಿದ್ದು ತಲಾ 3 ಗಂಟೆ 20 ನಿಮಿಷ, ಒಟ್ಟು 23 ಗಂಟೆ 20 ನಿಮಿಷ. ಗುತ್ತಿಗೆದಾರನನ್ನು ಕೇಳಿದರೆ, ‘ವಾಚ್‌ಮನ್ ತಪ್ಪು ಬರೆದಿದ್ದಾನೆ ಸಾಹೇಬರೇ’ ಎಂದ. ಇರಬಹುದು. ಆಳುಗಳು ಸಹಿ ಹಾಕಿದ ವೇತನ ಪುಸ್ತಕ ತನ್ನಿ ಎಂದೆ. ಅದರಲ್ಲಿ ಆ ರಾತ್ರಿಯ ಓವರ್‌ಟೈಮ್ ನಾಲ್ವರಿಗೆ ಮಾತ್ರ ಸಂದಿತ್ತು. ಏಳು ಜನರಿಗೆ ನ್ಯಾಯವಾಗಿ ಬರಬೇಕಾದ 40 ನಿಮಿಷದ ಹಣವೂ ಕೈಸೇರಿರಲಿಲ್ಲ.

ಇಡೀ ಬಿಲ್ಲನ್ನು ತಡೆಹಿಡಿಯಲಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕಾನೂನಿನ ಪ್ರಕಾರ ಆ ಹೊಣೆ ಕೆಲಸ ಮಾಡಿಸಿಕೊಂಡ ನಮ್ಮ ಮೇಲೆಯೇ ಬರುತ್ತದೆ. ತಕರಾರಿಲ್ಲದ ಗಂಟೆಗಳಿಗೆ ಹಣ ಹೋಯಿತು. 23 ಗಂಟೆ 20 ನಿಮಿಷದ್ದು ಕಡಿತವಾಯಿತು. ಏಳು ಜನರ 40 ನಿಮಿಷದ ಕೂಲಿಗೆ ಅವರ ಸಹಿ ಬಂದ ಮೇಲೆ ಆ ಭಾಗವನ್ನೂ ಪಾವತಿಸಿದೆವು. ಈಗ ವಾಹನಗಳ ರಿಜಿಸ್ಟರಿನಲ್ಲಿ ‘+ 4’ ಎಂದು ಬರೆದರೆ ಸಾಲದು, ನಾಲ್ಕೂ ಪಾಸ್ ಸಂಖ್ಯೆಗಳನ್ನು ಬರೆಯಬೇಕು.