ಮೇಲಿನ ಮನೆಯಿಂದ ನೀರು ಇಳಿದರೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ನಾವು ಬಾಡಿಗೆಗಿದ್ದ ಮನೆಯಲ್ಲಿ ಒಂದು ಭಾನುವಾರ ಹಾಲ್‌ನ ಚಾವಣಿಯಿಂದ ಸೋಫಾ ಮೇಲೆ ನೀರು ತೊಟ್ಟಿಕ್ಕತೊಡಗಿತು. ಮೇಲಿನ ಮನೆಯವರು ವಾಷಿಂಗ್ ಮಷೀನ್ ಹಾಕಿ ಹೊರಗೆ ಹೋಗಿದ್ದರು, ಪೈಪ್ ಕಳಚಿಕೊಂಡಿತ್ತು. ಪಾಪ, ಅವರು ಓಡಿ ಬಂದು "ನನ್ನ ಹಾಫ್ಟ್‌ಫ್ಲಿಷ್ಟ್ ಕೊಡುತ್ತೆ" ಅಂದರು. ನಾನೂ ನಿಶ್ಚಿಂತೆಯಿಂದ ಕೂತೆ. ಅಲ್ಲೇ ತಪ್ಪಿದ್ದು.

ಹಾಫ್ಟ್‌ಫ್ಲಿಷ್ಟ್ ಅಂದರೆ ಇನ್ನೊಬ್ಬರಿಗೆ ಮಾಡಿದ ನಷ್ಟ ತುಂಬಿಕೊಡುವ ವಿಮೆ. ಅದು ಕೊಡುವುದು ಹಳೇ ಸಾಮಾನಿನ ಇವತ್ತಿನ ಬೆಲೆ ಮಾತ್ರ. ನಮ್ಮ ಸೋಫಾ ಐದು ವರ್ಷ ಹಳೆಯದು. ಹೊಸದಕ್ಕೆ 1000 ಯೂರೋ ಬೇಕಿತ್ತು, ಅವರ ಕಂಪನಿ ಲೆಕ್ಕ ಹಾಕಿದ್ದು 400. ನಮ್ಮದೇ ಹೌಸ್‌ರಾಟ್, ಅಂದರೆ ಮನೆಯೊಳಗಿನ ಸಾಮಾನಿಗೆ ಮಾಡಿಸುವ ವಿಮೆ ಇದ್ದಿದ್ದರೆ ಅದೇ ಥರದ ಹೊಸದರ ಬೆಲೆ ಸಿಗುತ್ತಿತ್ತು. ಆಮೇಲೆ ಮೇಲಿನವರ ಕಂಪನಿಯಿಂದ ವಸೂಲು ಮಾಡುವುದು ಹೌಸ್‌ರಾಟ್ ಕಂಪನಿಯ ತಲೆನೋವು, ನಮ್ಮದಲ್ಲ. ಹಾಗಾಗಿ ಹೌಸ್‌ರಾಟ್ ಇದ್ದರೆ ಮೊದಲು ಅಲ್ಲಿಗೇ ತಿಳಿಸಿ.

ಇನ್ನೊಂದು ವಿಷಯ. ಮೇಲಿನವರ ತಪ್ಪಿದ್ದರೆ ಮಾತ್ರ ಅವರ ವಿಮೆ ಕೊಡುತ್ತದೆ. ಗೋಡೆಯೊಳಗಿನ ಹಳೇ ಪೈಪ್ ತಾನಾಗಿ ಒಡೆದರೆ ಸಾಮಾನ್ಯವಾಗಿ ಅವರ ತಪ್ಪೇನೂ ಇರುವುದಿಲ್ಲ, ಅಲ್ವಾ? ಆಗ ಗೋಡೆ, ಚಾವಣಿ, ಪೈಪ್ ರಿಪೇರಿ ಮನೆ ಮಾಲೀಕರ ಕಡೆಯ ಕಟ್ಟಡದ ವಿಮೆಗೆ ಹೋಗುತ್ತದೆ. ಆ ವಿಮೆ ನಿಮ್ಮ ಸೋಫಾ, ಲ್ಯಾಪ್‌ಟಾಪ್‌ಗೆ ಕೊಡುವುದಿಲ್ಲ. ಹೌಸ್‌ರಾಟ್ ಇಲ್ಲದಿದ್ದರೆ ಆ ನಷ್ಟ ಹೆಚ್ಚಾಗಿ ನಿಮ್ಮ ತಲೆಗೇ ಬರುತ್ತದೆ. ನೀರಿನ ನಷ್ಟದಲ್ಲಿ ಹೌಸ್‌ರಾಟ್ ಕೂಡ ಸಾಮಾನ್ಯವಾಗಿ ಕೊಡುವುದು ನಲ್ಲಿ ನೀರಿಗೆ, ಅಂದರೆ ಪೈಪಿನಿಂದ ಅಥವಾ ಅದಕ್ಕೆ ಜೋಡಿಸಿದ ಮಷೀನಿನಿಂದ ಬಂದ ನೀರಿಗೆ ಮಾತ್ರ. ಬಕೆಟ್ ಉರುಳಿ ಬಂದ ನೀರು, ಛಾವಣಿ ಸೋರಿದ ಮಳೆನೀರು ಸಾಧಾರಣವಾಗಿ ಅದರಲ್ಲಿ ಬರುವುದಿಲ್ಲ.

ನೀರು ಕಂಡ ಕೂಡಲೇ ಮೇಲಿನವರ ಬಾಗಿಲು ಬಡಿದು ನಲ್ಲಿ ನಿಲ್ಲಿಸಲು ಹೇಳಿ. ಯಾರೂ ಇಲ್ಲದಿದ್ದರೆ ಕಟ್ಟಡ ನೋಡಿಕೊಳ್ಳುವ ಹೌಸ್‌ಫರ್ವಾಲ್ಟುಂಗ್‌ನ ತುರ್ತು ನಂಬರಿಗೆ ಫೋನ್ ಮಾಡಿ. ಆಮೇಲೆ ಅವತ್ತೇ ಮಾಲೀಕರಿಗೆ ಮೇಲ್ ಕಳಿಸಿ, ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಮನೆಯಲ್ಲಿ ಇರಲು ತೊಂದರೆಯಾದರೆ ಬಾಡಿಗೆ ಕಡಿಮೆ ಮಾಡುವ ಹಕ್ಕು ನಿಮಗಿದೆ, ಆದರೆ ತಿಳಿಸದೇ ಇದ್ದರೆ ಅದು ಕೈತಪ್ಪಬಹುದು. ಎಷ್ಟು ಕಡಿಮೆ ಅನ್ನುವುದನ್ನು ಬಾಡಿಗೆದಾರರ ಸಂಘದಲ್ಲಿ ಕೇಳಿಯೇ ಕಡಿಮೆ ಮಾಡಿ. ಜಾಸ್ತಿ ಹಿಡಿದರೆ ಬಾಕಿ ಅಂತ ಆಗುತ್ತದೆ.

ಹಾಳಾದ ಸಾಮಾನು ಕಂಪನಿಯವರು ಒಪ್ಪುವ ತನಕ ಎಸೆಯಬೇಡಿ. ಚಾವಣಿಯ ಕಲೆ, ನೆಂದ ಕಾರ್ಪೆಟ್, ಎಲ್ಲದರ ಫೋಟೋ ತೆಗೆಯಿರಿ. ಹಳೇ ಬಿಲ್ ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಆ ಸಾಮಾನಿರುವ ಹಳೇ ಫೋಟೋ ಕೊಟ್ಟು ನೋಡಿ.

ಕೊನೆಗೆ ಗೋಡೆ ಒಣಗಿಸುವ ಯಂತ್ರ ತಂದಿಡುತ್ತಾರೆ. ನಮ್ಮಲ್ಲಿ ಎರಡು ಯಂತ್ರ ಮೂರು ವಾರ ಹಗಲೂ ರಾತ್ರಿ ಗುಂಯ್‌ಗುಟ್ಟಿದವು. ಅದರ ಕರೆಂಟ್ ನಿಮ್ಮ ಮೀಟರಿನಿಂದಲೇ ಹೋಗುತ್ತದೆ. ಅದರ ದುಡ್ಡು ಮಾಲೀಕರಿಂದ ಕೇಳಿ ಪಡೆಯಬಹುದು. ಯಂತ್ರದ ಪ್ಲಗ್ ಹಾಕುವ ಮೊದಲು ಮತ್ತು ತೆಗೆದ ದಿನ ಮೀಟರ್ ರೀಡಿಂಗ್‌ನ ಫೋಟೋ ಇಟ್ಟುಕೊಳ್ಳಿ. ಯಂತ್ರದಲ್ಲೇ ಯೂನಿಟ್ ಎಣಿಸುವ ಮೀಟರ್ ಇದ್ದರೆ ಅದರದ್ದೂ ಒಂದು.